ಸರ್ಪಸುತ್ತಿನ ರೋಗಿಗೆ ಸೋಮವಾರ ಗೌನ್-ಗ್ಲೌಸ್ ಸಾಕು ಅಂದರು, ಗುರುವಾರ ಎನ್-95 ಹಾಕಿ ಅಂದರು. ನಾವು ತಪ್ಪಿದ್ದೆಲ್ಲಿ?

ರಾತ್ರಿಪಾಳಿ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಮೆಡಿಕಲ್ ವಾರ್ಡ್‌ನಲ್ಲಿ ಸ್ಟಾಫ್ ನರ್ಸ್. ಈ ವಾರ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಸೋಮವಾರ ಸಂಜೆ ಅರವತ್ತು ದಾಟಿದ ಒಬ್ಬರು ಅಡ್ಮಿಟ್ ಆದರು. ಎದೆಯ ಬಲಗಡೆ ಸರ್ಪಸುತ್ತು, ಒಂದು ಪಟ್ಟಿಯಂತೆ ನೀರ್ಗುಳ್ಳೆಗಳು. ಲಿಂಫೋಮಾಗೆ ಕೀಮೋ ನಡೆಯುತ್ತಿದೆ. ನಾಲ್ಕು ಬೆಡ್ಡಿನ ಕೋಣೆಯಲ್ಲಿ ಎರಡನೇ ಬೆಡ್ ಕೊಟ್ಟರು. ತಲೆಯ ಹತ್ತಿರ 'ಕಾಂಟ್ಯಾಕ್ಟ್' ಬೋರ್ಡ್ ಹಾಕಿದೆವು. ಮುಟ್ಟುವಾಗ ಗೌನ್, ಗ್ಲೌಸ್. ಅವರಿಗೇ ಅಂತ ಬೇರೆ ಸ್ಟೆತಸ್ಕೋಪ್, ಬೇರೆ ಬಿಪಿ ಕಫ್. ಎಲ್ಲ ಸರಿಯಾಗೇ ಮಾಡುತ್ತಿದ್ದೇವೆ ಅಂದುಕೊಂಡಿದ್ದೆ.

ಬುಧವಾರ ರಾತ್ರಿ ಎರಡು ಗಂಟೆಗೆ ಜ್ವರ ನೋಡಲು ಹೋದಾಗ ಮುಖದ ಮೇಲೆ ಹೊಸ ಗುಳ್ಳೆ ಕಂಡವು. ಅಂಗಿ ಬಿಚ್ಚಿ ನೋಡಿದರೆ ಎಡ ತೋಳು, ಬೆನ್ನು, ಹೊಟ್ಟೆಯ ಮೇಲೂ ಇದ್ದವು. ಡ್ಯೂಟಿ ಡಾಕ್ಟರ್ ಬಂದು ನೋಡಿದರು. ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ನೆಗೆಟಿವ್ ಪ್ರೆಶರ್ ಕೋಣೆಗೆ ಸಾಗಿಸಿದೆವು. ಬೋರ್ಡ್ ಬದಲಾಯಿತು, ಈಗ 'ಏರ್‌ಬೋರ್ನ್ ಮತ್ತು ಕಾಂಟ್ಯಾಕ್ಟ್'.

ನನ್ನ ಪ್ರಶ್ನೆ ಎರಡು. ಅದೇ ರೋಗಿ, ಅದೇ ವೈರಸ್. ಬೋರ್ಡ್ ಯಾಕೆ ಬದಲಾಗಬೇಕು? ಮತ್ತೆ ಆ ಕೋಣೆಯಲ್ಲಿ ಮೂರು ರಾತ್ರಿ ಮಲಗಿದ ಉಳಿದ ಮೂವರನ್ನು ಏನು ಮಾಡಬೇಕು? ಮೂರನೇ ಬೆಡ್ಡಿನವರು ಕಿಡ್ನಿ ಕಸಿ ಆದವರು. ಅದನ್ನು ನೆನೆದು ನಿದ್ದೆ ಬರುತ್ತಿಲ್ಲ.

ಹೊಸ ಡಾಕ್ಟರ್

ಸಿಸ್ಟರ್, ನಿಮ್ಮ ತಪ್ಪೇನೂ ಇಲ್ಲ. ಸರ್ಪಸುತ್ತು ಒಂದೇ ಜಾಗದಲ್ಲಿ ಇರುವಾಗ ವೈರಸ್ ಇರುವುದು ಗುಳ್ಳೆಯ ನೀರಿನಲ್ಲಿ. ಮುಖ್ಯವಾಗಿ ಮುಟ್ಟುವುದರಿಂದ ಹರಡುತ್ತದೆ, ಹಾಗಾಗಿ ಕಾಂಟ್ಯಾಕ್ಟ್. ಸರ್ಪಸುತ್ತಿಗೂ ಚಿಕನ್‌ಪಾಕ್ಸ್‌ಗೂ ವೈರಸ್ ಒಂದೇ, ಮೈತುಂಬ ಹರಡಿದರೆ ಅದು ಚಿಕನ್‌ಪಾಕ್ಸ್‌ನಂತೆ ಗಾಳಿಯಲ್ಲೂ ಬರುತ್ತದೆ, ಆಗ ಏರ್‌ಬೋರ್ನ್. ರೋಗ ಬದಲಾಯಿತು, ಬೋರ್ಡ್ ಬದಲಾಯಿತು. ಸೋಮವಾರದ ಬೋರ್ಡ್ ಸೋಮವಾರಕ್ಕೆ ಸರಿ.

ನನ್ನ ಅಭಿಪ್ರಾಯ ಕೇಳಿದರೆ, ಐಸೊಲೇಶನ್ ರೋಗಿ ಅಂದ ಕೂಡಲೇ ಎಲ್ಲರೂ ಎನ್-95 ಹಾಕಿಕೊಂಡರೆ ಈ ಗೊಂದಲವೇ ಇರಲ್ಲ. ಕಾಂಟ್ಯಾಕ್ಟ್, ಡ್ರಾಪ್ಲೆಟ್, ಏರ್‌ಬೋರ್ನ್ ಮೂರು ಬೋರ್ಡಿಗೂ ಅದು ಆಗುತ್ತದೆ ಅಲ್ವಾ?

ಹಿರಿಯ ಸಿಸ್ಟರ್

ಡಾಕ್ಟ್ರೇ, ಮೊದಲ ಅರ್ಧ ಸರಿ ಹೇಳಿದಿರಿ. ಆದರೆ ಸೋಮವಾರದ ಬೋರ್ಡ್ ಸರಿ ಇರಲಿಲ್ಲ. ನಾನು ಸೋಂಕು ನಿಯಂತ್ರಣದ ಕೆಲಸದಲ್ಲಿ ಹದಿನಾಲ್ಕು ವರ್ಷ ಇದ್ದೇನೆ. ಈ ತಪ್ಪನ್ನು ಹಲವು ಸಲ ನೋಡಿದ್ದೇನೆ. ನಮ್ಮ ರಾತ್ರಿಪಾಳಿ ತಂಗಿಯನ್ನು ದೂರುವುದಕ್ಕಲ್ಲ, ಎಲ್ಲರಿಗೂ ಗೊತ್ತಾಗಲಿ ಎಂದು ಬಿಡಿಸಿ ಹೇಳುತ್ತೇನೆ.

ಸರ್ಪಸುತ್ತಿನ ರೋಗಿ ಬಂದಾಗ ಎರಡು ವಿಷಯ ನೋಡಬೇಕು. ಗುಳ್ಳೆ ಎಷ್ಟು ಜಾಗದಲ್ಲಿದೆ? ರೋಗಿಯ ಪ್ರತಿರೋಧ ಶಕ್ತಿ ಹೇಗಿದೆ? ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ಮರೆಯುತ್ತಾರೆ.

ಆರೋಗ್ಯವಾಗಿರುವ ಒಬ್ಬರಿಗೆ ಒಂದು ಪಟ್ಟಿಯಷ್ಟು ಗುಳ್ಳೆ ಇದ್ದು, ಅದನ್ನು ಡ್ರೆಸ್ಸಿಂಗ್‌ನಿಂದ ಪೂರ್ತಿ ಮುಚ್ಚಲು ಆದರೆ, ಎಲ್ಲ ರೋಗಿಗಳಿಗೂ ವಹಿಸುವ ಮಾಮೂಲಿ ಎಚ್ಚರಿಕೆಯೇ ಸಾಕು. ಕೈ ತೊಳೆಯುವುದು, ಗುಳ್ಳೆ ಮುಟ್ಟುವಾಗ ಗ್ಲೌಸ್. ಕೆಲವು ಆಸ್ಪತ್ರೆಗಳು ಇದಕ್ಕೂ ಕಾಂಟ್ಯಾಕ್ಟ್ ಬೋರ್ಡ್ ಹಾಕುತ್ತವೆ, ಅದೂ ತಪ್ಪಲ್ಲ. ಆದರೆ ಕೀಮೋದಲ್ಲಿ ಇರುವವರಿಗೆ, ಕಸಿ ಆದವರಿಗೆ, ಜಾಸ್ತಿ ಸ್ಟೀರಾಯ್ಡ್ ತಗೊಳ್ಳುವವರಿಗೆ ಲೆಕ್ಕ ಬೇರೆ. ಅವರಲ್ಲಿ ವೈರಸ್ ರಕ್ತಕ್ಕೆ ಇಳಿದು ಮೈಯೆಲ್ಲ ಹರಡುವ ಸಾಧ್ಯತೆ ಜಾಸ್ತಿ. ಶ್ವಾಸಕೋಶಕ್ಕೂ ಹೋಗಬಹುದು. ಹರಡುತ್ತಿದೆಯೋ ಇಲ್ಲವೋ ಎಂದು ಮೊದಲ ದಿನ ಹೇಳಲು ಆಗಲ್ಲ. ಅದಕ್ಕೇ ಅಂಥವರಿಗೆ ಬಂದ ಕೂಡಲೇ ಏರ್‌ಬೋರ್ನ್ ಮತ್ತು ಕಾಂಟ್ಯಾಕ್ಟ್ ಎರಡನ್ನೂ ಹಾಕಬೇಕು. ಹರಡಿಲ್ಲ ಎಂದು ಖಾತ್ರಿ ಆದ ಮೇಲೆ ಇಳಿಸಬೇಕು. ನಾವು ಮಾಡುವುದು ಉಲ್ಟಾ. ಕಡಿಮೆಯಿಂದ ಶುರು ಮಾಡಿ, ಹರಡಿದ ಮೇಲೆ ಏರಿಸುತ್ತೇವೆ.

ಹರಡಿದೆ ಎನ್ನಲು ವಾರ್ಡ್‌ನಲ್ಲಿ ನಾನು ಬಳಸುವ ಅಳತೆ ಇದು. ಒಂದು ನರದ ಪಟ್ಟಿ, ಹೆಚ್ಚೆಂದರೆ ಅದರ ಪಕ್ಕದ ಪಟ್ಟಿ. ಅಲ್ಲಿಗೆ ಮುಗಿದರೆ ಒಂದೇ ಕಡೆಯದು. ಮೂರು ಅಥವಾ ಹೆಚ್ಚು ಪಟ್ಟಿಗಳಲ್ಲಿ ಬಂದರೆ, ಅಥವಾ ಮೈಯ ಎರಡೂ ಬದಿ ದೂರ ದೂರ ಗುಳ್ಳೆ ಎದ್ದರೆ, ಹರಡಿದ ಹಾಗೆಯೇ. ಇದಕ್ಕೆ ಪ್ರತಿ ಶಿಫ್ಟ್‌ನಲ್ಲೂ ಅಂಗಿ ಬಿಚ್ಚಿಸಿ ಬೆನ್ನು, ತೊಡೆ, ನೆತ್ತಿ ಎಲ್ಲ ನೋಡಬೇಕು. ರಾತ್ರಿ ಎರಡಕ್ಕೆ ಅಂಗಿ ಬಿಚ್ಚಿ ನೋಡಿದ್ದೀಯಲ್ಲ ತಂಗೀ, ಅದರಿಂದಲೇ ಬೆಳಗಿನ ರೌಂಡ್ಸ್‌ವರೆಗೆ ಕಾಯುವುದು ತಪ್ಪಿತು.

ಇನ್ನು ಎನ್-95 ಒಂದೇ ಸಾಕು ಅಂದಿರಿ. ಅದು ಉಸಿರಿನ ದಾರಿಯನ್ನು ಮಾತ್ರ ಕಾಯುತ್ತದೆ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಭೇದಿ ಇರುವ ರೋಗಿಯನ್ನೇ ತಗೊಳ್ಳಿ. ಮುಖಕ್ಕೆ ಏನು ಕಟ್ಟಿಕೊಂಡರೂ ಅದರ ಸ್ಪೋರ್ ಕೈಯಲ್ಲಿ ಮುಂದಿನ ಬೆಡ್‌ಗೆ ಹೋಗುತ್ತದೆ. ಅಲ್ಲಿ ಆಲ್ಕೋಹಾಲ್ ರಬ್ ಕೂಡ ಸಾಲಲ್ಲ, ಸ್ಪೋರ್ ಅದಕ್ಕೆ ಸಾಯಲ್ಲ. ಗ್ಲೌಸ್ ತೆಗೆದು ಸೋಪು-ನೀರಿನಲ್ಲೇ ಕೈ ತೊಳೆಯಬೇಕು. ಇನ್ನೊಂದು ಕಡೆ, ದಡಾರದ ಮಗುವನ್ನು ಜನರಲ್ ವಾರ್ಡ್‌ನಲ್ಲಿ ಇಟ್ಟು ನಾವೆಲ್ಲ ಎನ್-95 ಹಾಕಿಕೊಂಡರೆ ನಮಗೇನೋ ರಕ್ಷಣೆ ಸಿಕ್ಕಿತು. ಪಕ್ಕದ ಬೆಡ್ಡಿನ ಮಗುವಿಗೆ? ಏರ್‌ಬೋರ್ನ್‌ನಲ್ಲಿ ಕೋಣೆ ಮುಖ್ಯ, ಮಾಸ್ಕ್ ಆಮೇಲೆ.

ಅಪ್ಪನ ಮಗಳು

ನಾನು ಆಸ್ಪತ್ರೆಯವಳಲ್ಲ. ಕ್ಷಮಿಸಿ, ನಡುವೆ ಬರುತ್ತಿದ್ದೇನೆ. ನಮ್ಮಪ್ಪನಿಗೆ ಹೋದ ವರ್ಷ ಶ್ವಾಸಕೋಶದ ಟಿಬಿ ಆಗಿತ್ತು. ನಮ್ಮನ್ನೆಲ್ಲ 'ಕಾಂಟ್ಯಾಕ್ಟ್' ಅಂತ ಬರೆದುಕೊಂಡು ಎಕ್ಸ್-ರೇ ಮಾಡಿಸಿದರು. ಆದರೆ ಒಳಗೆ ಹೋಗುವಾಗ ಗೌನ್ ಕೊಡಲಿಲ್ಲ, ಗ್ಲೌಸ್ ಕೊಡಲಿಲ್ಲ, ಎನ್-95 ಮಾತ್ರ ಕೊಟ್ಟರು. ಕಾಂಟ್ಯಾಕ್ಟ್ ಅಂದ ಮೇಲೆ ಗೌನ್ ಕೊಡಬೇಕಿತ್ತಲ್ಲವಾ? ಅವರ ತಟ್ಟೆ, ಬಟ್ಟೆ ನಾನೇ ತೊಳೆದಿದ್ದೇನೆ. ಇದನ್ನು ಓದಿದ ಮೇಲೆ ಹೆದರಿಕೆ ಆಗುತ್ತಿದೆ.

ಹಿರಿಯ ಸಿಸ್ಟರ್

ಹೆದರಬೇಡಮ್ಮ. ಇಲ್ಲಿ ಒಂದೇ ಪದಕ್ಕೆ ಎರಡು ಅರ್ಥ ಇದೆ. ನಿಮ್ಮನ್ನು ಕಾಂಟ್ಯಾಕ್ಟ್ ಅಂದದ್ದು, ನೀವು ಅಪ್ಪನ ಜೊತೆ ಒಂದೇ ಗಾಳಿ ಉಸಿರಾಡಿದವರು ಎಂಬ ಅರ್ಥದಲ್ಲಿ. ವಾರ್ಡ್ ಬೋರ್ಡ್ ಮೇಲಿನ ಕಾಂಟ್ಯಾಕ್ಟ್ ಅಂದರೆ ಕೈಯಿಂದ, ಬಟ್ಟೆಯಿಂದ, ಮಂಚದ ಕಂಬಿಯಿಂದ ಹರಡುವುದು.

ಟಿಬಿ ತಟ್ಟೆಯಿಂದ, ಬಟ್ಟೆಯಿಂದ ಬರಲ್ಲ. ಕೆಮ್ಮಿದಾಗ ಗಾಳಿಗೆ ಬಿದ್ದ ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿದರೆ ಮಾತ್ರ ಬರುತ್ತದೆ. ಹಾಗಾಗಿ ನಿಮಗೆ ಎನ್-95 ಮಾತ್ರ ಕೊಟ್ಟದ್ದು ಸರಿಯೇ. ಅಪ್ಪ ಕೋಣೆಯಿಂದ ಹೊರಗೆ ಹೋಗುವಾಗ ಮಾಮೂಲಿ ಸರ್ಜಿಕಲ್ ಮಾಸ್ಕ್ ಹಾಕಿರಬೇಕು ಅಲ್ವಾ? ಅದು ಅವರ ಬಾಯಿಂದ ಬರುವುದನ್ನು ತಡೆಯಲು. ಎನ್-95 ಒಳಗೆ ಎಳೆದುಕೊಳ್ಳುವುದನ್ನು ತಡೆಯಲು. ಉಸಿರಾಡಲು ಕಷ್ಟ ಇರುವ ರೋಗಿಗೇ ಎನ್-95 ಕಟ್ಟಿ ಸ್ಟ್ರೆಚರ್ ಮೇಲೆ ಕಳಿಸುವುದನ್ನು ನೋಡಿದ್ದೇನೆ, ಪಾಪ, ಅದು ಬೇಡ.

ಅಪ್ಪನ ಮಗಳು

ತುಂಬಾ ಥ್ಯಾಂಕ್ಸ್ ಅಮ್ಮ. ಹೌದು, ಅವರಿಗೆ ನೀಲಿ ಮಾಸ್ಕ್ ಹಾಕಿಸಿದ್ದರು. ನಮ್ಮ ಎಕ್ಸ್-ರೇಗಳೆಲ್ಲ ಸರಿಯಾಗಿಯೇ ಬಂದಿದ್ದವು.

ಗಾಳಿ ಇಂಜಿನಿಯರ್

ನಾನು ಆಸ್ಪತ್ರೆಗಳ ಎ.ಸಿ. ಮತ್ತು ಗಾಳಿ ವ್ಯವಸ್ಥೆ ನೋಡಿಕೊಳ್ಳುವವನು. ಕೋಣೆ ಮುಖ್ಯ ಎಂದು ಸಿಸ್ಟರ್ ಹೇಳಿದ್ದಕ್ಕೆ ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನೆಗೆಟಿವ್ ಪ್ರೆಶರ್ ಎಂದು ಬಾಗಿಲ ಮೇಲೆ ಬರೆದ ಮಾತ್ರಕ್ಕೆ ನಂಬಬೇಡಿ. ಹೊರಗಿನ ಕಾರಿಡಾರ್‌ಗಿಂತ ಒಳಗಿನ ಒತ್ತಡ ಕನಿಷ್ಠ 2.5 ಪಾಸ್ಕಲ್ ಕಡಿಮೆ ಇರಬೇಕು. ಇದು ತುಂಬ ಸಣ್ಣ ವ್ಯತ್ಯಾಸ. ಬಾಗಿಲು ಸ್ವಲ್ಪ ತೆರೆದಿಟ್ಟರೂ ಹೋಯಿತು. ಮೀಟರ್ ಇಲ್ಲದಿದ್ದರೆ ಬಾಗಿಲು ಮುಚ್ಚಿ, ಹೊರಗೆ ನಿಂತು, ಬಾಗಿಲ ಕೆಳಗಿನ ಸಂದಿಯ ಹತ್ತಿರ ಟಿಶ್ಯೂ ಪೇಪರಿನ ಒಂದು ತೆಳು ಪಟ್ಟಿ ಹಿಡಿಯಿರಿ. ಅದು ಒಳಗೆ ಎಳೆದುಕೊಂಡರೆ ಸರಿ. ಹೊರಗೆ ಹಾರಿದರೆ ಕೋಣೆಯ ಗಾಳಿ ಕಾರಿಡಾರ್‌ಗೆ ಬರುತ್ತಿದೆ ಎಂದರ್ಥ.

ಒಂದು ಕಡೆ ನಾನೇ ಹೀಗೆ ನೋಡಿದ್ದೇನೆ. ಪ್ರತಿರೋಧ ಶಕ್ತಿ ಇಲ್ಲದ ರೋಗಿಗಳಿಗೆಂದು ಕಟ್ಟಿದ ಕೋಣೆ ಅದು. ಅಲ್ಲಿ ಹೊರಗಿನ ಗಾಳಿ ಒಳಗೆ ಬರಬಾರದು, ಹಾಗಾಗಿ ಒತ್ತಡ ಒಳಗೆ ಜಾಸ್ತಿ. ಒಂಟಿ ಕೋಣೆ, ಒಳ್ಳೆಯ ಫಿಲ್ಟರ್ ಇದೆ ಎಂದು ಚಿಕನ್‌ಪಾಕ್ಸ್ ರೋಗಿಯನ್ನು ಅಲ್ಲಿಗೆ ಹಾಕಿಬಿಟ್ಟಿದ್ದರು. ಆ ಕೋಣೆಯ ಗಾಳಿ ನೇರವಾಗಿ ವಾರ್ಡ್‌ಗೆ ನುಗ್ಗುತ್ತಿತ್ತು. ಟಿಶ್ಯೂ ಪಟ್ಟಿ ಹಿಡಿದಾಗಲೇ ಗೊತ್ತಾದದ್ದು.

ಇನ್ನೊಂದು ವಿಷಯ. ನೆಗೆಟಿವ್ ಪ್ರೆಶರ್ ಕೋಣೆಯಲ್ಲಿ ಕಿಟಕಿ ತೆರೆಯಬೇಡಿ, ಒತ್ತಡ ಕೆಡುತ್ತದೆ. ಅಂಥ ಕೋಣೆಯೇ ಇಲ್ಲ ಎಂದಾದರೆ ಉಲ್ಟಾ ಮಾಡಿ. ಒಂಟಿ ಕೋಣೆ, ವಾರ್ಡ್ ಕಡೆಯ ಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆರೆದಿಡಿ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಜನ ಓಡಾಡದ ಕಡೆಗೆ ಗಾಳಿ ತಳ್ಳಲಿ. ಅದೇ ಗಾಳಿಯನ್ನು ಸುತ್ತಿಸಿ ಬೇರೆ ಕೋಣೆಗೂ ಕಳಿಸುವ ಎ.ಸಿ. ಇದ್ದರೆ ಅದನ್ನು ಆ ಕೋಣೆಗೆ ಬಂದ್ ಮಾಡಿಸಿ.

ರಾತ್ರಿಪಾಳಿ ಸಿಸ್ಟರ್

ಸರ್, ರೋಗಿ ಹೋದ ಮೇಲೆ ಕೋಣೆ ಎಷ್ಟು ಹೊತ್ತು ಖಾಲಿ ಬಿಡಬೇಕು? ನಮ್ಮಲ್ಲಿ ಒಬ್ಬರು ಅರ್ಧ ಗಂಟೆ ಅನ್ನುತ್ತಾರೆ, ಒಬ್ಬರು ಎರಡು ಗಂಟೆ.

ಗಾಳಿ ಇಂಜಿನಿಯರ್

ಇಬ್ಬರೂ ಸರಿ ಇರಬಹುದು, ಕೋಣೆ ನೋಡಿ ಹೇಳಬೇಕು. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆ ಆದರೆ ನೂರರಲ್ಲಿ 99.9 ಪಾಲು ಕಣ ಹೋಗಲು ಸುಮಾರು 35 ನಿಮಿಷ ಬೇಕು. ಗಂಟೆಗೆ 6 ಸಲ ಆದರೆ 69 ನಿಮಿಷ. ಒಂದು ಸಲ ಗಾಳಿ ಬದಲಾಯಿತು ಎಂದರೆ ಹಳೆಯದೆಲ್ಲ ಹೋಯಿತು ಎಂದಲ್ಲ. ಹೊಸ ಗಾಳಿ ಹಳೆಯದರ ಜೊತೆ ಬೆರೆಯುತ್ತಲೇ ಹೋಗುತ್ತದೆ. ಒಂದು ಬದಲಾವಣೆಗೆ ಮೂರರಲ್ಲಿ ಎರಡು ಪಾಲಿನ ಹತ್ತಿರ ಹೋಗುತ್ತದೆ, ಉಳಿದದ್ದರಲ್ಲಿ ಮತ್ತೆ ಅಷ್ಟು. ಅದಕ್ಕೇ ಇಷ್ಟು ಹೊತ್ತು. ಎಷ್ಟು ಸಲ ಬದಲಾಗುತ್ತದೆ ಎಂದೇ ಗೊತ್ತಿಲ್ಲದ ಮಾಮೂಲಿ ಕೋಣೆಯಾದರೆ ಎರಡು ಗಂಟೆ ಬಿಡಿ. ಅಷ್ಟರೊಳಗೆ ಕ್ಲೀನಿಂಗ್‌ಗೆ ಹೋಗಲೇಬೇಕಾದವರು ಎನ್-95 ಹಾಕಿಯೇ ಹೋಗಲಿ.

ಹೊಸ ಡಾಕ್ಟರ್

ಒಪ್ಪಿದೆ ಮೇಡಂ, ಎನ್-95 ವಿಷಯದಲ್ಲಿ ಆತುರ ಪಟ್ಟೆ. ಆದರೆ ಡ್ರಾಪ್ಲೆಟ್ ಯಾಕೆ ಬೇರೆ? ನಾವು ಓದಿದ್ದು ಹೀಗೆ. 5 ಮೈಕ್ರಾನ್‌ಗಿಂತ ದೊಡ್ಡ ಹನಿ ಒಂದು ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ. ಹಾಗಾಗಿ ಫ್ಲೂ, ಮೆನಿಂಜೊಕಾಕಸ್, ನಾಯಿಕೆಮ್ಮು ಇವಕ್ಕೆ ಸರ್ಜಿಕಲ್ ಮಾಸ್ಕ್ ಸಾಕು, ಬಾಗಿಲು ತೆರೆದಿದ್ದರೂ ಪರವಾಗಿಲ್ಲ. 5ಕ್ಕಿಂತ ಸಣ್ಣದು ತೇಲುತ್ತದೆ, ಅದು ಏರ್‌ಬೋರ್ನ್.

ಲ್ಯಾಬ್ ಬೆಂಚ್

ಆ 5 ಮೈಕ್ರಾನ್ ಗೆರೆಯನ್ನು ನಾನೂ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ. ಲೆಕ್ಕ ಹಾಕಿದರೆ ಅದು ನಿಲ್ಲಲ್ಲ. ಅಲುಗದ ಗಾಳಿಯಲ್ಲಿ 5 ಮೈಕ್ರಾನ್ ಕಣ ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಇಳಿಯಲ್ಲ. ಬಾಯಿಯ ಎತ್ತರದಿಂದ ನೆಲ ಮುಟ್ಟಲು ಅರ್ಧ ಗಂಟೆ ಬೇಕು. ಕೆಲವೇ ಸೆಕೆಂಡಿನಲ್ಲಿ ಬೀಳುವುದು 100 ಮೈಕ್ರಾನ್‌ನಷ್ಟು ದಪ್ಪ ಹನಿ. ವಿಶ್ವ ಆರೋಗ್ಯ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹೊಸ ಪದಗಳನ್ನು ಮುಂದಿಟ್ಟಾಗ ಗಾತ್ರದ ಈ ಗೆರೆಯನ್ನೇ ಕೈಬಿಟ್ಟಿತು. ಬಾಯಿ, ಮೂಗಿನಿಂದ ಬರುವುದೆಲ್ಲ ಸೋಂಕಿನ ಉಸಿರು ಕಣವೇ, ಸಣ್ಣದು ದೊಡ್ಡದು ಒಟ್ಟಿಗೇ ಬರುತ್ತವೆ ಎಂದಿತು.

ಹಾಗಾದರೆ ಫ್ಲೂ ರೋಗಿಗೆ ಸರ್ಜಿಕಲ್ ಮಾಸ್ಕ್ ಸಾಕೇ? ನನ್ನ ಪ್ರಕಾರ ಸಾಲದು.

ಹಿರಿಯ ಸಿಸ್ಟರ್

ಗಾತ್ರದ ಗೆರೆ ತಪ್ಪು ಎಂಬುದನ್ನು ಒಪ್ಪುತ್ತೇನೆ. ಅದರಿಂದ ಡ್ರಾಪ್ಲೆಟ್ ಬೋರ್ಡನ್ನೇ ಕಿತ್ತು ಹಾಕಬೇಕು ಎಂಬುದನ್ನು ಒಪ್ಪಲ್ಲ. ಬೋರ್ಡ್ ಹುಟ್ಟಿದ್ದು ಕಣದ ಅಳತೆಯಿಂದ ಮಾತ್ರ ಅಲ್ಲ, ಯಾರಿಗೆ ರೋಗ ಬಂತು ಎಂಬ ಅನುಭವದಿಂದಲೂ. ದಡಾರದ ರೋಗಿ ಎದ್ದು ಹೋದ ಕೋಣೆಗೆ ಆಮೇಲೆ ಬಂದವರಿಗೂ ದಡಾರ ಬಂದದ್ದುಂಟು. ಮೆನಿಂಜೊಕಾಕಸ್‌ನಲ್ಲಿ ಹಾಗಲ್ಲ. ಹತ್ತಿರ ಇದ್ದು ಬಾಯಿಗೆ ಟ್ಯೂಬ್ ಹಾಕಿದವರಿಗೆ, ಸಕ್ಷನ್ ಮಾಡಿದವರಿಗೆ, ಒಂದೇ ಮನೆಯವರಿಗೆ ಅಪಾಯ. ಕಾರಿಡಾರ್‌ನಲ್ಲಿ ನಡೆದು ಹೋದವರಿಗೆ ಅಲ್ಲ. ಸರಿಯಾದ ಆಂಟಿಬಯೋಟಿಕ್ ಶುರುವಾಗಿ 24 ಗಂಟೆ ಆದರೆ ಆ ಬೋರ್ಡ್ ತೆಗೆಯಬಹುದು. ನಾಯಿಕೆಮ್ಮಿಗೆ ಐದು ದಿನ.

ಫ್ಲೂ ವಿಷಯದಲ್ಲಿ ನಾನೂ ನೀವೂ ಒಂದೇ ಮಾತಿಗೆ ಬರಲ್ಲ ಅನಿಸುತ್ತದೆ. ಟ್ಯೂಬ್ ಹಾಕುವಾಗ, ಬ್ರಾಂಕೋಸ್ಕೋಪಿ ಮಾಡುವಾಗ ಎನ್-95 ಹಾಕಿ, ಅದಕ್ಕೆ ನನ್ನ ತಕರಾರಿಲ್ಲ.

ಲ್ಯಾಬ್ ಬೆಂಚ್

ಹತ್ತಿರ ಇದ್ದವರಿಗೇ ಬಂತು ಎಂದರೆ ದಪ್ಪ ಹನಿಯಿಂದಲೇ ಬಂತು ಎಂದಾಗಲ್ಲ ಸಿಸ್ಟರ್. ಸಣ್ಣ ಕಣವೂ ಬಾಯಿಯ ಹತ್ತಿರವೇ ದಟ್ಟವಾಗಿರುತ್ತದೆ. ಇದನ್ನು ಇಲ್ಲಿ ಬಿಡುತ್ತೇನೆ, ಮೂಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಹಿರಿಯ ಸಿಸ್ಟರ್

ಹೌದು, ಮೂರು ಬೆಡ್‌ಗಳ ವಿಷಯಕ್ಕೆ ಬರೋಣ.

ಮೊದಲು ಮೂವರನ್ನೂ, ಜೊತೆಗಿದ್ದ ಅಟೆಂಡರ್‌ಗಳನ್ನೂ, ಆ ಮೂರು ದಿನ ಡ್ಯೂಟಿ ಮಾಡಿದ ಎಲ್ಲರನ್ನೂ ಕೇಳಿ ಬರೆದುಕೊಳ್ಳಿ. ಚಿಕನ್‌ಪಾಕ್ಸ್ ಆಗಿತ್ತಾ? ಎರಡು ಡೋಸ್ ಲಸಿಕೆ ಆಗಿದೆಯಾ? ಕ್ಲೀನಿಂಗ್‌ನವರನ್ನು, ಊಟ ತರುವವರನ್ನು, ಎಕ್ಸ್-ರೇಗೆ ತಳ್ಳಿಕೊಂಡು ಹೋದವರನ್ನು ಮರೆಯಬೇಡಿ, ಪಟ್ಟಿಯಲ್ಲಿ ಬಿಟ್ಟುಹೋಗುವುದು ಅವರೇ. ನೆನಪಿಲ್ಲ ಅಂದವರಿಗೆ ಆಂಟಿಬಾಡಿ ರಕ್ತಪರೀಕ್ಷೆ. ಗರ್ಭಿಣಿಯರು ಮತ್ತು ಆ ಕಸಿ ಆದವರ ರಕ್ತ ಇವತ್ತೇ ಹೋಗಲಿ.

ಪ್ರತಿರೋಧ ಇಲ್ಲ ಎಂದು ಬಂದವರು ಮೈಯಲ್ಲಿ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡಲು ಶುರು ಮಾಡುತ್ತಾರೆ. ಅದಕ್ಕೇ ಗುಳ್ಳೆ ಕಾಣಲಿ ಎಂದು ಕಾಯುವ ಹಾಗಿಲ್ಲ. ಮೊದಲ ಸಂಪರ್ಕದಿಂದ 8ನೇ ದಿನಕ್ಕೆ ಐಸೊಲೇಶನ್ ಶುರು, ಕೊನೆಯ ಸಂಪರ್ಕದಿಂದ 21ನೇ ದಿನಕ್ಕೆ ಮುಕ್ತಾಯ. ಶುರುವಿಗೆ ಮೊದಲ ದಿನ, ಮುಕ್ತಾಯಕ್ಕೆ ಕೊನೆಯ ದಿನ. ಎರಡನ್ನೂ ಒಂದೇ ದಿನದಿಂದ ಎಣಿಸಿದರೆ ತಪ್ಪುತ್ತದೆ. ನಿಮ್ಮ ಲೆಕ್ಕದಲ್ಲಿ ಮೊದಲ ಸಂಪರ್ಕ ಸೋಮವಾರ, ಹಾಗಾಗಿ ಮುಂದಿನ ಮಂಗಳವಾರ 8ನೇ ದಿನ. ಕೊನೆಯ ಸಂಪರ್ಕ ಗುರುವಾರ, ಹಾಗಾಗಿ ಅಲ್ಲಿಂದ ಮೂರನೇ ಗುರುವಾರ 21ನೇ ದಿನ. ಇಮ್ಯುನೊಗ್ಲೋಬ್ಯುಲಿನ್ ಕೊಟ್ಟರೆ ರೋಗ ತಡವಾಗಿ ಕಾಣಿಸಬಹುದು. ಆಗ 28ನೇ ದಿನದವರೆಗೆ, ಅಂದರೆ ಇನ್ನೊಂದು ಗುರುವಾರ. ಪ್ರತಿರೋಧ ಇಲ್ಲದ ಸಿಬ್ಬಂದಿಗೂ ಇದೇ ದಿನಗಳಲ್ಲಿ ರೋಗಿಗಳ ಡ್ಯೂಟಿ ಬೇಡ.

ಇಮ್ಯುನೊಗ್ಲೋಬ್ಯುಲಿನ್ ಬೇಗ ಕೊಟ್ಟಷ್ಟೂ ಒಳ್ಳೆಯದು, ಹತ್ತು ದಿನ ದಾಟಬಾರದು. ಕೊಡುವ ಮೊದಲೇ ರಕ್ತ ತೆಗೆಯಿರಿ. ಕೊಟ್ಟ ಮೇಲೆ ಪರೀಕ್ಷೆ ಮಾಡಿದರೆ ಆ ಔಷಧದ ಆಂಟಿಬಾಡಿಯೇ ಕಾಣುತ್ತದೆ. ಇವರಿಗೆ ಮೊದಲೇ ಪ್ರತಿರೋಧ ಇತ್ತು ಎಂದು ಮೋಸ ಹೋಗುತ್ತೇವೆ. ಲಸಿಕೆ ಮಾತ್ರ ಕಸಿ ಆದವರಿಗೂ ಗರ್ಭಿಣಿಗೂ ಕೊಡುವಂತಿಲ್ಲ, ಅದು ಜೀವಂತ ವೈರಸ್.

ಹೊಸ ಡಾಕ್ಟರ್

ಮೇಡಂ, ಗುಳ್ಳೆ ಹರಡಿದ್ದು ಕಂಡದ್ದು ಬುಧವಾರ ರಾತ್ರಿ. ಸೋಮವಾರದಿಂದ ಯಾಕೆ ಎಣಿಸಬೇಕು?

ಹಿರಿಯ ಸಿಸ್ಟರ್

ಯಾವಾಗ ಶುರುವಾಯಿತು ಎಂದು ಯಾರಿಗೂ ಗೊತ್ತಿಲ್ಲ. ಮಂಗಳವಾರ ಬೆನ್ನು ನೋಡಿದ ದಾಖಲೆ ಕೇಸ್ ಶೀಟ್‌ನಲ್ಲಿ ಇದ್ದಿದ್ದರೆ ಬೇರೆ ಮಾತಾಡಬಹುದಿತ್ತು. ಎರಡು ದಿನ ಮೊದಲು ಐಸೊಲೇಟ್ ಮಾಡಿದರೆ ನಷ್ಟ ಕಡಿಮೆ. ಎರಡು ದಿನ ತಡವಾದರೆ ಕಸಿ ವಾರ್ಡ್ ತನಕ ಹೋಗಬಹುದು.

ರಾತ್ರಿಪಾಳಿ ಸಿಸ್ಟರ್

ಅಕ್ಕಾ, ನನಗೆ ಚಿಕ್ಕವಳಿದ್ದಾಗ ಚಿಕನ್‌ಪಾಕ್ಸ್ ಆಗಿದೆ. ಈಗ ಆ ರೋಗಿಯ ಕೋಣೆಗೆ ನಾನೇ ಜಾಸ್ತಿ ಹೋಗುತ್ತಿದ್ದೇನೆ. ನನಗೂ ಎನ್-95 ಬೇಕಾ? ಮತ್ತೆ ನಿನ್ನೆ ಹೊರಗೆ ಬರುವಾಗ ಕೋಣೆಯೊಳಗೇ ಗ್ಲೌಸ್, ಗೌನ್, ಮಾಸ್ಕ್ ಎಲ್ಲ ಬಿಚ್ಚಿಬಿಟ್ಟೆ. ಆಮೇಲೆ ಅನುಮಾನ ಬಂತು.

ಹಿರಿಯ ಸಿಸ್ಟರ್

ಗ್ಲೌಸ್ ಮತ್ತು ಗೌನ್ ಒಳಗೇ, ಬಾಗಿಲ ಹತ್ತಿರ ಬಿಚ್ಚಬೇಕು. ಅವುಗಳ ಮೇಲೆ ಗುಳ್ಳೆಯ ನೀರು ಇರುತ್ತದೆ, ಹೊರಗೆ ಬರಬಾರದು. ಕೈಗೆ ರಬ್ ಹಾಕಿ ಹೊರಗೆ ಬಾ. ಬಾಗಿಲು ಮುಚ್ಚು. ಆಮೇಲೆ ಎನ್-95 ತೆಗೆ, ಮುಂಭಾಗ ಮುಟ್ಟದೆ ಹಿಂದಿನ ಪಟ್ಟಿ ಹಿಡಿದು. ಮತ್ತೆ ಕೈಗೆ ರಬ್. ಒಳಗೇ ಮಾಸ್ಕ್ ತೆಗೆದರೆ ಅದೇ ಗಾಳಿಯನ್ನು ಬರಿ ಮೂಗಿನಲ್ಲಿ ಉಸಿರಾಡಿದ ಹಾಗೆ. ನಿನಗೆ ಪ್ರತಿರೋಧ ಇರುವುದರಿಂದ ನಿನ್ನೆಯದಕ್ಕೆ ಚಿಂತೆ ಬೇಡ.

ಪ್ರತಿರೋಧ ಇರುವವರಿಗೂ ಎನ್-95 ಬೇಕಾ ಎನ್ನುವುದನ್ನು ಅಮೆರಿಕದ ಸಿಡಿಸಿಯ 2007ರ ಮಾರ್ಗಸೂಚಿಯೇ ತೀರ್ಮಾನಿಸದೆ ಬಿಟ್ಟಿದೆ. ಪ್ರತಿರೋಧ ಇಲ್ಲದವರು ಒಳಗೆ ಹೋಗುವುದೇ ಬೇಡ, ಇರುವವರು ಸಿಗುವಾಗ ಅವರೇ ನೋಡಿಕೊಳ್ಳಲಿ ಎನ್ನುವುದು ಮಾತ್ರ ಸ್ಪಷ್ಟ. ನಾನು ನನ್ನ ವಾರ್ಡ್‌ಗಳಲ್ಲಿ ಎಲ್ಲರಿಗೂ ಹಾಕಿಸುತ್ತೇನೆ. ಬಾಗಿಲಲ್ಲಿ ನಿಂತು ಯಾರಿಗೆ ಆಗಿತ್ತು, ಯಾರಿಗೆ ಇಲ್ಲ ಎಂದು ರಾತ್ರಿ ಹೊತ್ತು ವಿಚಾರಿಸಲು ಆಗಲ್ಲ. ಬೇರೆಯವರು ಬೇರೆ ಥರ ಮಾಡುತ್ತಾರೆ.

ಲ್ಯಾಬ್ ಬೆಂಚ್

ನಮ್ಮಲ್ಲಿ ಪ್ರತಿರೋಧ ಇರುವವರಿಗೆ ಚಿಕನ್‌ಪಾಕ್ಸ್ ಕೋಣೆಗೆ ಎನ್-95 ಕಡ್ಡಾಯ ಇಲ್ಲ. ದಡಾರಕ್ಕೆ ಮಾತ್ರ ಎಲ್ಲರಿಗೂ ಕಡ್ಡಾಯ.

ರಾತ್ರಿಪಾಳಿ ಸಿಸ್ಟರ್

ಹತ್ತು ದಿನ ಕಳೆದು ಬರೆಯುತ್ತಿದ್ದೇನೆ. ಪಟ್ಟಿ ಮಾಡಿದಾಗ ಮೂವತ್ತೊಂದು ಜನ ಆದರು. ಒಂದನೇ ಮತ್ತು ನಾಲ್ಕನೇ ಬೆಡ್ಡಿನವರಿಗೆ ಮೊದಲೇ ಚಿಕನ್‌ಪಾಕ್ಸ್ ಆಗಿತ್ತು. ನಮ್ಮ ಜೊತೆಗಿನ ಗರ್ಭಿಣಿ ಸಿಸ್ಟರ್‌ಗೆ ನೆನಪಿರಲಿಲ್ಲ, ರಕ್ತದಲ್ಲಿ ಆಂಟಿಬಾಡಿ ಇದೆ ಎಂದು ಬಂತು. ಅವಳು ಅತ್ತೇಬಿಟ್ಟಳು. ಊಟ ತರುವ ಹುಡುಗನಿಗೆ ಪ್ರತಿರೋಧ ಇಲ್ಲ. 8ನೇ ದಿನದಿಂದ ಅವನಿಗೆ ಸಂಬಳ ಸಹಿತ ರಜೆ ಕೊಡಿಸಿದೆವು.

ಮೂರನೇ ಬೆಡ್ಡಿನವರ ರಿಪೋರ್ಟ್ ನೆಗೆಟಿವ್. ರಕ್ತ ತೆಗೆದ ಮೇಲೆಯೇ ಇಮ್ಯುನೊಗ್ಲೋಬ್ಯುಲಿನ್ ಕೊಟ್ಟರು. 7ನೇ ದಿನ ಸಂಜೆಯೇ ಒಂಟಿ ಕೋಣೆಗೆ ಹಾಕಿ ಏರ್‌ಬೋರ್ನ್ ಬೋರ್ಡ್ ಹಾಕಿದೆವು. ಬಾಗಿಲ ಕೆಳಗೆ ಟಿಶ್ಯೂ ಪಟ್ಟಿ ಹಿಡಿದು ನೋಡಿದೆ, ಒಳಗೇ ಎಳೆಯಿತು. ದಿನಕ್ಕೆ ಮೂರು ಸಲ ಮೈ ನೋಡುತ್ತೇವೆ. ಇವತ್ತಿನವರೆಗೆ ಒಂದು ಗುಳ್ಳೆಯೂ ಇಲ್ಲ, ಜ್ವರವೂ ಇಲ್ಲ. 28ನೇ ದಿನಕ್ಕೆ ಇನ್ನೂ ಎರಡು ವಾರ ಮೇಲಿದೆ.

ಮೊದಲ ರೋಗಿಯ ಮುಖದ ಗುಳ್ಳೆಗಳು ಹಕ್ಕಳೆ ಕಟ್ಟಿವೆ. ಬೆನ್ನಿನ ಮೇಲೆ ನಾಲ್ಕೈದು ಇನ್ನೂ ಹಸಿ ಇವೆ. ಅವೂ ಒಣಗುವ ತನಕ ಎರಡು ಬೋರ್ಡೂ ಹಾಗೇ ಇರುತ್ತವೆ.